ಮೊದಲು ಅಡ್ವಾನ್ಸ್ ಪುಸ್ತಕ, ಉಳಿದದ್ದು ಆಮೇಲೆ

“ಮಾವ, ಅಂಗಡೀಲಿ ಈಗ ಒಂಬತ್ತು ಜನ ಕೆಲಸಕ್ಕಿದ್ದಾರೆ. ಅಪ್ಪನ ಕಾಲದಿಂದ ಎಲ್ಲಾ ಬಾಯಿಮಾತಲ್ಲೇ. ಬರವಣಿಗೆಗೆ ತರೋಣ ಅಂದ್ರೆ ಹಳಬರು ಬೇಜಾರಾಗ್ತಾರೆ. ಎಲ್ಲಿಂದ ಶುರು ಮಾಡೋದು?”

ನೋಡಮ್ಮ, ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಲ್ಲಿ ಕೇಳು. ನೇಮಕಾತಿ ಪತ್ರ, ನಿಯಮದ ಬೋರ್ಡು ಯಾವುದನ್ನೂ ಮೊದ್ಲು ಮುಟ್ಟಬೇಡ. ಅಡ್ವಾನ್ಸಿಂದ ಶುರು ಮಾಡು. ಹಳಬರಿಗೂ ಅದೇ ಬೇಕಾಗಿರೋದು, ಯಾಕಂದ್ರೆ ಲೆಕ್ಕ ತಪ್ಪಿದ್ರೆ ಹೋಗೋದು ಅವರ ದುಡ್ಡು.

ಗಲ್ಲಾದಿಂದ ನಿಮ್ಮಪ್ಪ ಕೊಡ್ತಾರೆ, ನೀನು ಕೊಡ್ತೀಯ, ನಿನ್ನ ತಮ್ಮನೂ ಕೊಡ್ತಾನೆ. ಬರೆಯೋದು ಒಬ್ರು, ಅದೂ ನೆನಪಾದಾಗ. ಒಂದು ಲೆಕ್ಕ ಹೇಳ್ತೀನಿ. ಪೌಡರ್ ಮಷಿನ್ ನೋಡ್ಕೊಳ್ಳೋ ಹುಡುಗನ ಸಂಬಳ 18,000 ಅಂತಿಟ್ಕೋ. ನಿಮ್ಮ ಡೈರೀಲಿ ಅವನ ಬಾಕಿ 24,000, ಅವನ ಲೆಕ್ಕದಲ್ಲಿ 17,000. ಇಬ್ಬರೂ ಸುಳ್ಳು ಹೇಳ್ತಿಲ್ಲ. ಪುತ್ತರಿಗೆ ನಿಮ್ಮಪ್ಪ ಕೈಗೆ ಕೊಟ್ಟ 5,000 ನಿಮಗೆ ಅಡ್ವಾನ್ಸ್, ಅವನಿಗೆ ಹಬ್ಬದ ಖುಷಿ. ಇನ್ನು 2,000 ಮಳೆಗಾಲದಲ್ಲಿ ಸಂಬಳದಿಂದ ಹಿಡಿದಿದ್ದೀರಿ, ಡೈರೀಲಿ ಹೊಡೆದು ಹಾಕಿಲ್ಲ.

ಇದನ್ನ ಎಲ್ಲರನ್ನೂ ಸೇರಿಸಿ ಮಾತಾಡಬೇಡ. ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಮಾಡು, ದುಡ್ಡು ಕೊಟ್ಟವರು ಯಾರೋ ಅವರೂ ಅಲ್ಲಿರಲಿ. ಆ 5,000 ಖುಷಿಗೆ ಕೊಟ್ಟಿದ್ದು ಅಂತ ನಿಮ್ಮಪ್ಪನೇ ಅಂದ್ರೆ ಅದು ಬಾಕಿ ಅಲ್ಲ, ಮುಗೀತು. ಗುರುತೇ ಸಿಗದ ಮೊತ್ತಕ್ಕೆ ಕೆಲಸದವನ ಮಾತೇ ಒಪ್ಕೋ. ನಷ್ಟ ಒಂದೇ ಸಲ. ಕೊನೆಗೆ 17,000 ಅಂತ ಬರೆದು ಇಬ್ಬರೂ ಸಹಿ ಹಾಕಿ, ತಿಂಗಳಿಗೆ ಎಷ್ಟು ಹಿಡಿಯೋದು ಅಂತ ಅಲ್ಲೇ ಬರೀರಿ. 2,000 ಅಂದ್ರೆ ಎಂಟು ತಿಂಗಳು, ಒಂಬತ್ತನೇ ತಿಂಗಳಿಗೆ 1,000. ಅವಸರಕ್ಕೆ ಜಾಸ್ತಿ ಹಿಡಿದ್ರೆ ಹತ್ತನೇ ತಾರೀಕಿಗೇ ಮತ್ತೆ ಕೈ ಚಾಚ್ತಾನೆ, ಬಾಕಿ ಇದ್ದಲ್ಲೇ ಇರತ್ತೆ.

ಅವತ್ತಿಂದ ಅಡ್ವಾನ್ಸ್ ಕೊಡೋದು ಒಬ್ಬರೇ. ಪುಸ್ತಕದಲ್ಲಿ ತಾರೀಕು, ಕೊಟ್ಟಿದ್ದು, ಹಿಡಿದಿದ್ದು, ಉಳಿದಿದ್ದು, ಸಹಿ, ಅಷ್ಟೇ. ಅದೇ ಸಾಲು ಅವನ ಹತ್ರ ಇರೋ ಸಣ್ಣ ಪುಸ್ತಕದಲ್ಲೂ ಇರಬೇಕು. ನಿನ್ನ ಹತ್ರ ಮಾತ್ರ ಇದ್ರೆ ಅದು ಅವನ ಕಣ್ಣಿಗೆ ಪೊಲೀಸ್ ರಿಜಿಸ್ಟರ್. ಹಬ್ಬಕ್ಕೆ ಕೊಡೋ ದುಡ್ಡು ಈ ಪುಸ್ತಕಕ್ಕೆ ಬರಲೇಬಾರದು.

ಇದು ಎರಡು ತಿಂಗಳು ನೆಟ್ಟಗೆ ನಡೆದ ಮೇಲೆ ಹಾಜರಿ ಪುಸ್ತಕ ತಗೋ. ಇಲ್ಲಿ ಎಡವೋದು ದಿನದ ಸಂಬಳದ ಲೆಕ್ಕದಲ್ಲಿ. 18,000ನ 30ರಿಂದ ಭಾಗಿಸಿದ್ರೆ ದಿನಕ್ಕೆ 600, 26ರಿಂದ ಭಾಗಿಸಿದ್ರೆ 692. ರಜಾ ಕಡಿತಕ್ಕೆ 26, ರಜಾ ಉಳಿಸಿ ದುಡ್ಡು ಕೊಡುವಾಗ 30 ಹಿಡಿಯೋ ಅಂಗಡಿಗಳಿವೆ. ಕೆಲಸದವರು ಒಂದೇ ತಿಂಗಳಲ್ಲಿ ಕಂಡು ಹಿಡೀತಾರೆ, ಬಾಯಿ ಬಿಟ್ಟು ಹೇಳಲ್ಲ. ವಾರದ ರಜೆ ಸಂಬಳದೊಳಗೇ ಇರೋದ್ರಿಂದ ಕಡಿತಕ್ಕೆ 30 ಇಟ್ಕೋ, ಫೆಬ್ರವರಿಗೂ 30 ಇಟ್ಕೋ, ಗೋಡೆ ಮೇಲೆ ಬರೆದು ಹಾಕು. ಸಂಬಳ ಏಳನೇ ತಾರೀಕಿನ ಒಳಗೆ ಕೈಗೆ ಸೇರಲಿ.

ರಜೆ ವಿಷಯ ಅಕ್ಟೋಬರಲ್ಲೇ ಕೂತು ಮಾತಾಡಿ. ಪುತ್ತರಿಗೆ ಯಾರು ಹೋಗ್ತಾರೆ, ಕ್ರಿಸ್‌ಮಸ್ ವಾರದ ಟೂರಿಸ್ಟ್ ರಶ್ಶಿಗೆ ಯಾರಿರ್ತಾರೆ, ಕಾಫಿ ಕುಯ್ಲಿಗೆ ಮನೆಗೆ ಬೇಕಾಗೋರು ಯಾರು, ಎಲ್ಲಾ ಒಂದೇ ಕ್ಯಾಲೆಂಡರಲ್ಲಿ ಬರಲಿ. ಮಡಿಕೇರಿ ದಸರಾ ಮಂಟಪದ ರಾತ್ರಿ ಅಂಗಡಿ ತೆಗೆದಿಟ್ರೆ, ಬೆಳಿಗ್ಗೆವರೆಗೂ ನಿಂತವರಿಗೆ ಮಾರನೇ ದಿನ ರಜೆ, ಹೆಚ್ಚಿನ ಗಂಟೆಗಳಿಗೆ ಎರಡು ಪಟ್ಟು ಲೆಕ್ಕ. ಅದನ್ನ ದಸರಾಕ್ಕೆ ಮೊದ್ಲೇ ಬರೆದಿಡು. ಅಂದ ಹಾಗೆ, ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲಿ 20 ದಿನ ಕೆಲಸಕ್ಕೆ ಒಂದು ದಿನದ ಹಾಗೆ ಸಂಬಳದ ರಜೆ ಇದೆ. ಅದು ನೀನು ಕೊಡೋ ಉಪಕಾರ ಅಲ್ಲ.

ನೇಮಕಾತಿ ಪತ್ರ ಕೊನೆಗೆ. ಹೊಸಬರಿಗೆ ಸೇರಿದ 30 ದಿನದೊಳಗೆ ಕೊಡಬೇಕು ಅಂತ ಅದೇ ಕಾಯ್ದೆ ಹೇಳತ್ತೆ. ಹಳಬರದ್ರಲ್ಲಿ ನಿಜವಾಗಿ ಸೇರಿದ ತಾರೀಕೇ ಬರೀಬೇಕು, ಪತ್ರ ಕೊಡೋ ದಿನದ್ದಲ್ಲ. ಹನ್ನೆರಡು ವರ್ಷ ದುಡಿದವನಿಗೆ ಈ ತಿಂಗಳ ತಾರೀಕು ಹಾಕಿದ್ರೆ ಗ್ರಾಚ್ಯುಟಿ ತಪ್ಪಿಸೋಕೆ ಆಟ ಅಂತಾನೇ ಅವನಿಗೆ ಅನ್ಸತ್ತೆ. ಅಸ್ಸಾಂ ಹುಡುಗರಿಗೆ ಗೊತ್ತಿರೋ ಭಾಷೇಲಿ ಓದಿ ಹೇಳಿ, ಆಮೇಲೆ ಸಹಿ. ಒಂದು ಪ್ರತಿ ಅವರಿಗೆ. ಆಧಾರ್ ಜೆರಾಕ್ಸ್ ಸಾಕು, ಒರಿಜಿನಲ್ ಗಲ್ಲಾದಲ್ಲಿ ಇಟ್ಕೊಂಡಿದ್ರೆ ನಾಳೇನೇ ವಾಪಸ್ ಕೊಡು.

ಮನೆಯವರದ್ದೂ ಬರೀಬೇಕು ಕಣಮ್ಮ. ನಿನ್ನ ತಮ್ಮ ಗಲ್ಲಾದಿಂದ ಪೆಟ್ರೋಲಿಗೆ 500 ತೆಗೆದ್ರೆ ಅದಕ್ಕೂ ಒಂದು ಚೀಟಿ, ಹಾಜರಿ ಪುಸ್ತಕದಲ್ಲಿ ಅವನ ಹೆಸರೂ ಇರಲಿ. ಅವನು ಬರೆಯೋಕೆ ಒಪ್ಪದೆ ಹೋದ್ರೆ ಉಳಿದ ಒಂಬತ್ತು ಜನರ ಹತ್ರ ಸಹಿ ಕೇಳೋಕೆ ಹೋಗಬೇಡ, ಮೊದ್ಲು ಅವನ ಹತ್ರ ಮಾತಾಡು. ಅಡ್ವಾನ್ಸ್ ಲೆಕ್ಕ ಕೂರುವಾಗ ಡೈರಿ ಫೋಟೋ ಕಳಿಸು, ನಾನೂ ನೋಡ್ತೀನಿ.