ಸಹಾಯ ಬೇಕು: ಜಠರದಲ್ಲಿ ಮಾತ್ರ ಸಿರೆ ಉಬ್ಬಿದ್ದು ಯಾಕೆ?

ನಮಸ್ಕಾರ. ವಿಜಯಪುರದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ವಾರ್ಡಿನಲ್ಲಿ ಒಬ್ಬ ಕಾಕಾ ರಕ್ತ ವಾಂತಿ ಮಾಡಿಕೊಂಡು ಬಂದಿದ್ದಾರೆ. ಪ್ಯಾಂಕ್ರಿಯಾಸ್‌ಗೆ ಹಳೇ ಉರಿಯೂತ, ಲಿವರ್ ಚೆನ್ನಾಗಿದೆ. ಎಂಡೋಸ್ಕೋಪಿಯಲ್ಲಿ ಜಠರದ ಮೇಲ್ಭಾಗದ ಸಿರೆಗಳು ದ್ರಾಕ್ಷಿ ಗೊಂಚಲಿನಂತೆ ಉಬ್ಬಿವೆ. ಅನ್ನನಾಳದಲ್ಲಿ ಏನೂ ಇಲ್ಲ!

ನನಗೆ ಅರ್ಥವಾದದ್ದು ಇಷ್ಟು. ಪ್ಯಾಂಕ್ರಿಯಾಸ್ ಹಿಂದೆ ಹಾಯುವ ಸ್ಪ್ಲೀನಿಕ್ ವೇನ್ ಹೆಪ್ಪುಗಟ್ಟಿ ಮುಚ್ಚಿದೆ. ಹಾಗಾಗಿ ಗುಲ್ಮದ ರಕ್ತ ಶಾರ್ಟ್ ಗ್ಯಾಸ್ಟ್ರಿಕ್ ಸಿರೆಗಳಲ್ಲಿ ಹಿಂದಕ್ಕೆ ಹರಿದು ಜಠರಕ್ಕೆ ಬರುತ್ತದೆ. ಅಲ್ಲಿಂದ ಲೆಫ್ಟ್ ಗ್ಯಾಸ್ಟ್ರಿಕ್ ವೇನ್ ಹಿಡಿದು ಪೋರ್ಟಲ್ ವೇನ್ ಸೇರುತ್ತದೆ. ಅಲ್ಲಿ ಒತ್ತಡ ಜಾಸ್ತಿ ಇಲ್ಲ, ಅದಕ್ಕೇ ಅನ್ನನಾಳ ಉಳಿದುಕೊಂಡಿದೆ. ಸರಿ ಅಲ್ವಾ?

ಆದರೆ ಕೆಲವರಲ್ಲಿ ಲೆಫ್ಟ್ ಗ್ಯಾಸ್ಟ್ರಿಕ್ ವೇನ್ ಸ್ಪ್ಲೀನಿಕ್ ವೇನ್‌ಗೇ ಸೇರುತ್ತದೆ. ಆಗ ಅನ್ನನಾಳದ ಸಿರೆಗಳೂ ಉಬ್ಬಬಹುದಾ? ಸಿಟಿ ಸ್ಕ್ಯಾನ್‌ನಲ್ಲಿ ಅದು ಸೇರುವ ಜಾಗ ಗುರುತಿಸುವುದು ಹೇಗೆ? ದಯವಿಟ್ಟು ತಿಳಿದವರು ಹೇಳಿ.