ಟೆಸ್ಟ್ ಅಂತ 1,800 ಪದ ಕಳಿಸಿದ್ದಾರೆ, ಮಾಡಿಕೊಡಬೇಕಾ?

ಪ್ರಶ್ನೆ (ಚಿಂತಾಮಣಿ):
ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಹೊಸ ಏಜೆನ್ಸಿಯೊಂದು ಟೆಸ್ಟ್ ಅಂತ ಪಂಪ್‌ಸೆಟ್ ಕೈಪಿಡಿಯ 1,800 ಪದ ಕಳಿಸಿದೆ. ನಾಡಿದ್ದು ಬೆಳಿಗ್ಗೆಯೊಳಗೆ ಬೇಕಂತೆ. ದುಡ್ಡಿನ ಮಾತಿಲ್ಲ, ಪಾಸಾದರೆ ತುಂಬಾ ಕೆಲಸ ಕೊಡುತ್ತೇವೆ ಅನ್ನುತ್ತಾರೆ. ಬೇಡ ಅಂದರೆ ಕೆಲಸ ತಪ್ಪಿಹೋಗುತ್ತೆ ಅಂತ ಭಯ. ಏನು ಮಾಡಲಿ?

ಉತ್ತರ (ತುಮಕೂರು, ಅನುವಾದಕಿ):
ಪೂರ್ತಿ ಮಾಡಬೇಡಿ. ಹಾಗಂತ ಒಂದೇ ಮಾತಲ್ಲಿ ಆಗಲ್ಲ ಅಂತಲೂ ಬರೆಯಬೇಡಿ.

ನಮ್ಮ ಕೆಲಸದಲ್ಲಿ ಉಚಿತ ಟೆಸ್ಟ್ ಅಂದರೆ ಸಾಮಾನ್ಯವಾಗಿ 250–300 ಪದ. ಒಬ್ಬರ ಕನ್ನಡ ಹೇಗಿದೆ ಅಂತ ತಿಳಿಯಲು ಅಷ್ಟು ಸಾಕು. 1,800 ಪದ ಅಂದರೆ ಒಂದು ಪೂರ್ತಿ ದಿನದ ಕೆಲಸ.

ಫೈಲ್ ತೆರೆದು ಮೊದಲ ಸಾಲು, ಕೊನೆಯ ಸಾಲು ನೋಡಿ. ಟೆಸ್ಟಿಗೆ ಅಂತಲೇ ತಯಾರಿಸಿದ್ದಾದರೆ ಒಂದು ವಿಷಯ ಶುರುವಾಗಿ ಅಲ್ಲೇ ಮುಗಿಯುತ್ತೆ. 4.3 ಅಂತ ನಡುವಿನಿಂದ ಶುರುವಾಗಿ ಟೇಬಲ್‌ನ ಅರ್ಧಕ್ಕೆ ನಿಂತಿದ್ದರೆ ದೊಡ್ಡ ಕೈಪಿಡಿಯ ಒಂದು ಚೂರು ಇರಬಹುದು. ಉಳಿದ ಚೂರುಗಳು ಬೇರೆ ಅನುವಾದಕರಿಗೆ ಟೆಸ್ಟ್ ಅಂತಲೇ ಹೋಗಿರಬಹುದು. ಅದರ ಜೊತೆ ನಾಡಿದ್ದೇ ಬೇಕು ಅನ್ನೋ ಅವಸರ ಸೇರಿದರೆ ನನಗೆ ಅನುಮಾನ ಜಾಸ್ತಿ. ಪರೀಕ್ಷೆ ಮಾಡುವವರಿಗೆ ಅಷ್ಟು ಅವಸರ ಇರಲ್ಲ, ಅಲ್ವಾ?

ನಿಮ್ಮ ದರ ಎಷ್ಟು? ಪದಕ್ಕೆ ₹1.50 ಅಂತ ಇಟ್ಟುಕೊಂಡರೆ ಹೀಗೆ ಬರೆಯಿರಿ:

“ಟೆಸ್ಟ್ ಆಗಿ ಇದರಲ್ಲಿ 250 ಪದ ಉಚಿತವಾಗಿ ಮಾಡಿ ನಾಳೆ ಕಳಿಸುತ್ತೇನೆ. ಪೂರ್ತಿ 1,800 ಪದ ಬೇಕಿದ್ದರೆ ₹2,700 ಆಗುತ್ತದೆ. ಅರ್ಧ ಮುಂಗಡ ಮತ್ತು ವರ್ಕ್ ಆರ್ಡರ್ ಬಂದ ಮೇಲೆ ಶುರು ಮಾಡುತ್ತೇನೆ. ಟೆಸ್ಟ್ ಯಾರು ನೋಡುತ್ತಾರೆ, ಫಲಿತಾಂಶ ಯಾವಾಗ, ಮುಂದಿನ ಕೆಲಸಕ್ಕೆ ದರ ಎಷ್ಟು ತಿಳಿಸಿ.”

ಆ 250 ಪದವನ್ನು ನೀವೇ ಆರಿಸಿ, ಒಂದೇ ಕಡೆಯಿಂದ ತೆಗೀಬೇಡಿ. ಒಂದು ವಿವರಣೆ, ಟೇಬಲ್‌ನ ನಾಲ್ಕು ಸಾಲು, ಒಂದು ಎಚ್ಚರಿಕೆ ತೆಗೆದುಕೊಳ್ಳಿ. ‘ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಡಿ’ ಅಂತ ರೈತರು ಓದುವ ಹಾಗೆ ಬರೆದಿದ್ದೀರೋ, ‘ಆರ್ದ್ರ ಹಸ್ತಗಳಿಂದ ಸ್ಪರ್ಶಿಸತಕ್ಕದ್ದಲ್ಲ’ ಅಂತ ಬರೆದಿದ್ದೀರೋ ಅನ್ನೋದು ಅಷ್ಟರಲ್ಲೇ ಗೊತ್ತಾಗುತ್ತೆ. ನಿಮ್ಮ ಕೈಗುಣ ಕಾಣುತ್ತೆ, ಆದರೆ ಆ ತುಣುಕುಗಳನ್ನು ಕೈಪಿಡಿಗೆ ಹಾಗೇ ಅಂಟಿಸಲು ಬರಲ್ಲ.

ಉತ್ತರ ಕಾಯುವಾಗ ಪ್ರೋಝ್ ಜಾಲತಾಣದ ಬ್ಲೂ ಬೋರ್ಡ್‌ನಲ್ಲಿ ಏಜೆನ್ಸಿಯ ಹೆಸರು ಹುಡುಕಿ. ಇವರ ಜೊತೆ ಮತ್ತೆ ಕೆಲಸ ಮಾಡ್ತೀರಾ ಅನ್ನೋದಕ್ಕೆ ಅನುವಾದಕರು ಐದಕ್ಕೆ ಅಂಕ ಕೊಟ್ಟಿರುತ್ತಾರೆ. ಚಿಕ್ಕ ಏಜೆನ್ಸಿಗಳು ಅಲ್ಲಿ ಇಲ್ಲದೇ ಇರಬಹುದು, ಅಷ್ಟಕ್ಕೇ ಮೋಸ ಅನ್ನಬೇಡಿ.

ಪ್ರತಿಕ್ರಿಯೆ (ಮಧುಗಿರಿ):
ಮೇಡಂ, ಕೆಲಸಕ್ಕೆ ಸೇರೋ ಮುಂಚೆ ಪರೀಕ್ಷೆ ಇದ್ದೇ ಇರುತ್ತಲ್ವಾ? ಇಂಟರ್‌ವ್ಯೂಗೆ ಹೋಗಿ ಸಂಬಳ ಕೇಳ್ತೀವಾ? ನನ್ನ ಮಗನಿಗೂ ಕಂಪನಿಯವರು ಟೆಸ್ಟ್ ಕೊಟ್ಟಿದ್ದರು, ಮಾಡಿದ, ಕೆಲಸ ಸಿಕ್ಕಿತು.

ಅನುವಾದಕಿ:
ಸರ್, ನಿಮ್ಮ ಮಗನಿಗೆ ತಿಂಗಳ ಸಂಬಳದ ಕೆಲಸ. ಇವರಿಗೆ ಪದದ ಲೆಕ್ಕದಲ್ಲಿ ದುಡ್ಡು. ಟೆಸ್ಟೇ ಒಂದು ದಿನದ ದುಡಿಮೆ ನುಂಗಿದರೆ ಆ ದಿನ ಮನೆಗೆ ಏನೂ ಬರಲ್ಲ.

ಪ್ರತಿಕ್ರಿಯೆ (ಕೋಲಾರ, ಡಿಸೈನರ್):
ಪೂರ್ತಿ ಮಾಡಿ ಪಿಡಿಎಫ್‌ನಲ್ಲಿ ವಾಟರ್‌ಮಾರ್ಕ್ ಹಾಕಿ ಕಳಿಸಿ, ದುಡ್ಡು ಬಂದ ಮೇಲೆ ವರ್ಡ್ ಫೈಲ್ ಕೊಡಿ. ಒಂದು ಅಂಗಡಿಯವರು ಸ್ಯಾಂಪಲ್ ಅಂತ ನನ್ನಿಂದ ಲೋಗೋ ಮಾಡಿಸಿಕೊಂಡು, ಮಾತಾಡದೇ ಬೋರ್ಡ್ ಬರೆಸಿಬಿಟ್ಟರು. ಆಮೇಲಿಂದ ನಾನು ಹೀಗೇ ಮಾಡೋದು. ಇನ್ನೊಂದು, 1957ರ ಕಾಪಿರೈಟ್ ಕಾಯ್ದೆ 19ನೇ ಸೆಕ್ಷನ್ ಪ್ರಕಾರ ನಾವು ಸಹಿ ಹಾಕಿ ಬರೆದುಕೊಡದೆ ಹಕ್ಕು ಅವರ ಹೆಸರಿಗೆ ಹೋಗಲ್ಲ.

ಅನುವಾದಕಿ:
ಸೆಕ್ಷನ್ ಸರಿ ಇದೆ. ವಾಟರ್‌ಮಾರ್ಕ್ ಲೋಗೋಗೆ ಸರಿ, ಬರಹಕ್ಕೆ ಅಲ್ಲ. ಪಿಡಿಎಫ್ ಕಣ್ಣಿಗೆ ಕಂಡರೆ ಸಾಕು, ಯಾರಾದರೂ ಕೂತು ಟೈಪ್ ಮಾಡಿಸಿಕೊಳ್ಳಬಹುದು. ಇನ್ನು ಹಕ್ಕು ನಮ್ಮದೇ ಆದರೂ ₹2,700ಕ್ಕೆ ವಕೀಲರನ್ನು ಹಿಡಿಯಲು ಆಗುತ್ತಾ? ಅದಕ್ಕೇ ಕೈಯಿಂದ ಕೊಡುವ ಮೊದಲೇ ಅಳತೆ ಇಡಿ ಅಂದಿದ್ದು. ‘ದುಡ್ಡು ಸಂದಾಯವಾಗುವವರೆಗೆ ಅನುವಾದ ಬಳಸುವ ಹಕ್ಕಿಲ್ಲ’ ಅಂತ ಮೇಲ್‌ನಲ್ಲಿ ಒಂದು ಸಾಲು ಸೇರಿಸಿ. ಅದು ನ್ಯಾಯಾಲಯಕ್ಕಿಂತ ಜಾಸ್ತಿ ಅವರ ಅಕೌಂಟ್ಸ್ ವಿಭಾಗಕ್ಕೆ ನಾಟುತ್ತೆ.

ಪ್ರತಿಕ್ರಿಯೆ (ತಿಪಟೂರು):
ಅಕ್ಕಾ, 250 ಪದವೂ ಉಚಿತ ಯಾಕೆ? ನಾನು ಹಳೆ ಕೆಲಸದ ಮಾದರಿ ಕಳಿಸ್ತೀನಿ, ಬೇಕಿದ್ದರೆ ತಗೊಳ್ಳಲಿ.

ಅನುವಾದಕಿ:
ನೇರ ಗಿರಾಕಿಗೆ ಅದು ನಡೆಯುತ್ತೆ, ತಪ್ಪೇನಿಲ್ಲ. ಏಜೆನ್ಸಿಗಳಲ್ಲಿ ಕೆಲವರು ಎಲ್ಲರಿಗೂ ಒಂದೇ ಪಠ್ಯ ಕೊಟ್ಟು ಹೋಲಿಸುತ್ತಾರೆ, ಅವರು ಮಾದರಿ ಒಪ್ಪಲ್ಲ. ನಾನು ಅರ್ಧ ದಿನಕ್ಕಿಂತ ಕಡಿಮೆ ಆದರೆ ಮಾಡುತ್ತೇನೆ. ನೀವು ಮಾಡಲ್ಲ ಅಂದರೆ ಅದೂ ಸರಿಯೇ.

ಪ್ರಶ್ನೆ ಕೇಳಿದವರು:
ಫೈಲ್ ನೋಡಿದೆ ಮೇಡಂ. ಪುಟ 37ರಿಂದ ಶುರು, ಕೊನೆಯ ವಾಕ್ಯವೇ ಅರ್ಧಕ್ಕೆ ನಿಂತಿದೆ. ನೀವು ಹೇಳಿದ ಹಾಗೆ ಮೇಲ್ ಕಳಿಸಿದೆ. ‘ಬಜೆಟ್ ಕೇಳಿ ಹೇಳ್ತೀವಿ, 500 ಪದ ಉಚಿತವಾಗಿ ಮಾಡಿ’ ಅಂತ ಉತ್ತರ ಬಂದಿದೆ.

ಅನುವಾದಕಿ:
250ಕ್ಕೇ ನಿಲ್ಲಿ. ಮುಂದಿನ ಕೆಲಸದ ದರ ಕೇಳಿದ್ದಕ್ಕೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಅದು ಬರುವವರೆಗೆ ಆ 250ನ್ನೂ ಕಳಿಸಬೇಡಿ.