‘ಡೈಲ್ಯೂಟೆಡ್ ಇಪಿಎಸ್’ಗೆ ಕನ್ನಡ ಪದ ಬೇಕು, ಸಂಜೆಯೊಳಗೆ

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಒಂದು ಕಂಪನಿಯ ವಾರ್ಷಿಕ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಾಭ-ನಷ್ಟ ಪಟ್ಟಿಯ ತಳದಲ್ಲಿ ಎರಡು ಸಾಲುಗಳಿವೆ. ಬೇಸಿಕ್ ಇಪಿಎಸ್ 10 ರೂಪಾಯಿ, ಡೈಲ್ಯೂಟೆಡ್ ಇಪಿಎಸ್ 9.26 ರೂಪಾಯಿ. ಮೊದಲನೆಯದಕ್ಕೆ ‘ಪ್ರತಿ ಷೇರಿನ ಮೂಲ ಗಳಿಕೆ’ ಎಂದು ಹಾಕಿದ್ದೇನೆ. ಎರಡನೆಯದಕ್ಕೆ ‘ದುರ್ಬಲಗೊಂಡ ಗಳಿಕೆ’ ಎಂದು ಬರೆದು ಹೊಡೆದುಹಾಕಿದೆ. ಓದಿದವರಿಗೆ ಕಂಪನಿಯೇ ನೆಲಕಚ್ಚಿದಂತೆ ಕೇಳಿಸುತ್ತದೆ. ಸಂಜೆ ಅಚ್ಚಿಗೆ ಹೋಗಬೇಕು.

ವ್ಯಾಕರಣದ ಮೇಷ್ಟ್ರು:
ಹೊಡೆದುಹಾಕಿದ್ದು ಸರಿ. ದುರ್ಬಲ ಆಮ್ಲ ಬೇರೆ, ಸಾರರಿಕ್ತ ಆಮ್ಲ ಬೇರೆ ಎಂದು ಶಾಲೆಯ ಪುಸ್ತಕದಲ್ಲೇ ಇದೆ. ನೀರು ಬೆರೆಸಿದರೆ ಆಮ್ಲದ ಜಾತಿ ಬದಲಾಗುವುದಿಲ್ಲ, ಇದ್ದ ಸಾರ ಹೆಚ್ಚು ನೀರಿಗೆ ಹಂಚಿಹೋಗುತ್ತದೆ. ಇಲ್ಲಿ ಲಾಭ ಅಷ್ಟೇ ಇದೆ, ಹಂಚಿಕೊಳ್ಳುವ ಷೇರು ಹೆಚ್ಚು. ಆದರೆ ‘ರಿಕ್ತ’ ಎಂದರೆ ಪೂರಾ ಬರಿದು, ಅದೂ ಬೇಡ. ‘ಸಾರಗುಂದಿದ ಗಳಿಕೆ’ ಎನ್ನಿ.

ಅಚ್ಚಗನ್ನಡಿಗ:
ಸಾರ ಸಂಸ್ಕೃತ, ಕುಂದು ಕನ್ನಡ. ಅರಿಸಮಾಸ. ‘ತೆಳುಗಳಿಕೆ’ ಸಾಕು. ‘ತೆಳು’, ‘ತಿಳಿ’ ಎರಡೂ ಹತ್ತಿರದ ಮಾತುಗಳು, ನೀರು ಕೂಡಿದ್ದು ತಿಳಿಯಾಗುತ್ತದೆ. ಲೆಕ್ಕವೂ ಸುಲಭ: ಗೊತ್ತಾದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು, ಅಂದರೆ ಆಪ್ಷನ್, 20,000 ಇದ್ದರೆ 20,000 ಷೇರು ಕೂಡಿಸಿ ಲಾಭವನ್ನು ಭಾಗಿಸುವುದು.

ಮೇಷ್ಟ್ರು:
ಕ್ರಿಯಾಸಮಾಸಕ್ಕೆ ಅರಿದೋಷ ಹತ್ತುವುದಿಲ್ಲ. ‘ಬಲಗುಂದು’ವನ್ನು ಏನು ಮಾಡುತ್ತೀರಿ? ನೀರು ಕೂಡಿದರೆ ತಿಳಿಯಾಗುತ್ತದೆ ಎನ್ನುವುದೂ ತಪ್ಪು. ಕದಡಿದ್ದು ಕೆಳಗಿಳಿದಾಗ ತಿಳಿಯಾಗುತ್ತದೆ.

ಲೆಕ್ಕಿಗ:
ಸಮಾಸ ನನಗೆ ತಿಳಿಯದು. ಲೆಕ್ಕ ಮಾತ್ರ ಹಾಗಲ್ಲ. ಮೇಡಂ, ವರದಿಯ ಟಿಪ್ಪಣಿಯಲ್ಲಿ ಏನಿದೆ?

ಅನುವಾದಕಿ:
ಲಾಭ 10 ಲಕ್ಷ, ಷೇರು 1 ಲಕ್ಷ. ನೌಕರರ ಆಪ್ಷನ್ 20,000, ತಲಾ 60 ರೂಪಾಯಿಗೆ. ವರ್ಷದ ಸರಾಸರಿ ಮಾರುಕಟ್ಟೆ ಬೆಲೆ 100. ಷೇರಾಗಿ ಬದಲಾಗಬಲ್ಲ ಬಾಂಡುಗಳೂ ಇವೆ. ಬದಲಾದರೆ 2,500 ಷೇರು, ತೆರಿಗೆ ಕಳೆದು ಉಳಿಯುವ ಬಡ್ಡಿ 30,000. ಆದರೆ ಬಾಂಡನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದಿದ್ದಾರೆ. ಅಚ್ಚಿನ ತಪ್ಪೇ?

ಲೆಕ್ಕಿಗ:
ತಪ್ಪಲ್ಲ. ಮೊದಲು ಆಪ್ಷನ್ ನೋಡಿ. ಇಡೀ 20,000 ಕೂಡಿಸಿದ್ದರೆ 8.33 ಬರಬೇಕಿತ್ತು, ನಿಮ್ಮಲ್ಲಿ 9.26 ಇದೆ. ನೌಕರರು ಬಿಟ್ಟಿ ಪಡೆಯುವುದಿಲ್ಲ, 12 ಲಕ್ಷ ಕೊಡುತ್ತಾರೆ. ಆ ಹಣದಲ್ಲಿ ಕಂಪನಿ ಸರಾಸರಿ ಬೆಲೆಗೆ 12,000 ಷೇರು ಕೊಂಡಿತೆಂದು ಎಣಿಸುತ್ತೇವೆ. ದುಡ್ಡು ಬಾರದೆ ಹೊರಹೋದದ್ದು 8,000 ಮಾತ್ರ. 10 ಲಕ್ಷವನ್ನು 1,08,000ಕ್ಕೆ ಭಾಗಿಸಿದರೆ 9.26.

ಇನ್ನು ಬಾಂಡು. ಅದು ಷೇರಾದರೆ ಬಡ್ಡಿ ಕೊಡುವುದು ತಪ್ಪಿ ಲಾಭ 30,000 ಏರುತ್ತದೆ. 2,500 ಷೇರಿಗೆ ಹಂಚಿದರೆ ಒಂದಕ್ಕೆ 12 ರೂಪಾಯಿ. 9.26ಕ್ಕಿಂತ ಹೆಚ್ಚು ತರುವವನು ಬಂದರೆ ಪಾಲು ತೆಳುವಾಗುವುದಿಲ್ಲ, 9.32ಕ್ಕೆ ಏರುತ್ತದೆ. ಗಳಿಕೆಯನ್ನು ಏರಿಸುವುದನ್ನು ಈ ಸಾಲಿಗೆ ಸೇರಿಸುವಂತಿಲ್ಲ. ಇರುವುದರಲ್ಲಿ ಅತಿ ಕೆಳಗಿನ ಅಂಕಿಯನ್ನು ತೋರಿಸುವುದೇ ಈ ಸಾಲಿನ ಕೆಲಸ.

ನನ್ನ ತಕರಾರು ಬೇರೆ. ‘ಗುಂದಿದ’ ಎಂದರೆ ಆಗಿಹೋದದ್ದು. ಇಲ್ಲಿ ಯಾರೂ ಇನ್ನೂ ಆಪ್ಷನ್ ಬಳಸಿಲ್ಲ, ಬಳಸಿದ್ದರೆ ಎಂಬ ಎಣಿಕೆ ಇದು. ನಿಜವಾಗಿ ಷೇರು ಕೊಟ್ಟಾದ ಮೇಲೆ ಅವು ಆ ದಿನದಿಂದ ಮೂಲ ಗಳಿಕೆಯ ಲೆಕ್ಕಕ್ಕೇ ಸೇರುತ್ತವೆ.

ಒಬ್ಬ ಉದ್ಯೋಗಿ:
ನನಗೂ ಕಂಪನಿ ಆಪ್ಷನ್ ಕೊಟ್ಟಿದೆ. 150ಕ್ಕೆ ಕೊಳ್ಳಬಹುದು, ಈ ವರ್ಷವಿಡೀ ಬೆಲೆ 100ರ ಆಸುಪಾಸಿನಲ್ಲೇ ಇತ್ತು. ವರದಿಯಲ್ಲಿ ಎರಡೂ ಸಾಲು ಒಂದೇ ಅಂಕಿ. ನನ್ನ ಆಪ್ಷನ್ ರದ್ದಾಯಿತೇ?

ಲೆಕ್ಕಿಗ:
ರದ್ದಾಗಿಲ್ಲ. 100ಕ್ಕೆ ಸಿಗುವುದನ್ನು 150 ಕೊಟ್ಟು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಎಣಿಕೆಗೆ ಬಂದಿಲ್ಲ. ಸರಾಸರಿ ಬೆಲೆ 150 ದಾಟಿದ ವರ್ಷ ಎಣಿಕೆಗೆ ಬರುತ್ತದೆ. ಕಂಪನಿ ನಷ್ಟದಲ್ಲಿದ್ದರೂ ಎರಡು ಸಾಲು ಒಂದೇ ಆಗಿರುತ್ತವೆ. ಷೇರು ಹೆಚ್ಚಿದಷ್ಟೂ ಪ್ರತಿ ಷೇರಿನ ನಷ್ಟ ಕಡಿಮೆ ಕಾಣುವುದರಿಂದ ಕೂಡಿಸುವುದಿಲ್ಲ.

ಅಚ್ಚಗನ್ನಡಿಗ:
20,000ದ ಮಾತು ಹಿಂತೆಗೆದುಕೊಂಡೆ. ಪದ ಬಿಡುವುದಿಲ್ಲ. ‘ತೆಳುಗಳಿಕೆ’ಯಲ್ಲಿ ಕಾಲವೇ ಇಲ್ಲ, ಆಗಿಹೋದದ್ದು ಎಂಬ ತಕರಾರು ಅದಕ್ಕೆ ತಟ್ಟುವುದಿಲ್ಲ.

ಪತ್ರಿಕೆಯವರು:
ಷೇರು, ಬಾಂಡು, ಆಪ್ಷನ್ ಮೂರನ್ನೂ ಕಡ ತಂದು ನಾಲ್ಕನೆಯದಕ್ಕೆ ಮಡಿ ಏಕೆ? ‘ಡೈಲ್ಯೂಟೆಡ್ ಗಳಿಕೆ’ ಎಂದು ಬಿಡಿ. ಹಣ ಹಾಕುವವನಿಗೆ ಗೊತ್ತಿರುವುದು ಅದೇ.

ಅಚ್ಚಗನ್ನಡಿಗ:
ಹೆಸರುಪದ ಕಡ ತರಬಹುದು. ಗುಣ ಹೇಳುವ ಪದವನ್ನೂ ಕಡ ತಂದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಮಾತ್ರ.

ಮೇಷ್ಟ್ರು:
ಇದೊಂದು ಮಾತಿಗೆ ನನ್ನ ಒಪ್ಪಿಗೆ ಇದೆ. ‘ತೆಳುಗಳಿಕೆ’ಗಿಲ್ಲ, ಕಡಿಮೆ ಸಂಬಳ ಎಂದೇ ಓದುತ್ತಾರೆ.

ಅನುವಾದಕಿ:
ಎಲ್ಲರಿಗೂ ಧನ್ಯವಾದ. ‘ಸಾರಗುಂದಬಹುದಾದ ಗಳಿಕೆ’ ಎಂದು ಹಾಕಿ ಪುಟ ಕಳಿಸಿದೆ. ಅಂಕಣದಲ್ಲಿ ಎರಡು ಸಾಲು ಹಿಡಿಯಿತು. ಗಳಿಕೆಯನ್ನು ಏರಿಸುವಂಥದ್ದು ಎನ್ನಲು ಬಾಂಡಿನ ಟಿಪ್ಪಣಿಯಲ್ಲಿ ಬಳಸಿದ ‘ಆಂಟಿಡೈಲ್ಯೂಟಿವ್’ ಹಾಗೇ ಉಳಿದಿದೆ, ಆ ಪುಟ ನಾಳೆ ಬೆಳಗ್ಗೆ ಹೋಗುತ್ತದೆ.